ಕಾನ್‌ಬಾನ್ ಕಾರ್ಡು ಸ್ಟೋರಿನ ಬಾಗಿಲು ದಾಟಬಾರದು: ಹೊಸೂರಿನ ಒಂದು ಶೆಡ್ಡಿನ ಲೆಕ್ಕ

ನಮ್ಮದು ಹೊಸೂರು ಸಿಪ್ಕಾಟಿನ ಹೈಡ್ರಾಲಿಕ್ ಸಿಲಿಂಡರ್ ಶೆಡ್ಡು. 63 ಮಿ.ಮೀ. ಬೋರಿನ ಸಿಲಿಂಡರ್ ದಿನಕ್ಕೆ ಇಪ್ಪತ್ತರ ಆಸುಪಾಸು ಹೊರಗೆ ಹೋಗುತ್ತದೆ. ಬೋಲ್ಟು, ನಟ್ಟು, ವಾಷರ್ ಪೀಣ್ಯದಿಂದ ಬರುತ್ತವೆ. ಪಿಸ್ಟನ್ ಟರ್ನಿಂಗ್ ಇಲ್ಲೇ ಎರಡು ಬೀದಿ ಆಚೆ ಜಾಬ್‌ವರ್ಕಿನಲ್ಲಿ ಆಗುತ್ತದೆ. ಇವೆಲ್ಲ ಎರಡು ಡಬ್ಬದ ಕಾನ್‌ಬಾನ್‌ನಲ್ಲಿ ನಾಲ್ಕು ವರ್ಷದಿಂದ ಚೆನ್ನಾಗಿ ಓಡುತ್ತಿವೆ. ಅಂದರೆ ಡಬ್ಬದ ಜೊತೆಗಿರುವ ಕಾರ್ಡೇ ಮುಂದಿನ ಆರ್ಡರ್: ಒಂದು ಡಬ್ಬ ಖಾಲಿ, ಕಾರ್ಡು ಹೊರಗೆ, ಮೂರನೇ ದಿನ ಅತ್ತಿಬೆಲೆ ದಾಟಿ ಟೆಂಪೋ ಬಂತು, ಮುಗಿಯಿತು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ತಲೆನೋವು ಕೊಟ್ಟದ್ದು ಪಿಸ್ಟನ್ ಸೀಲ್. ತೈವಾನಿನ ಮಾಲು, ಚೆನ್ನೈನ ಡೀಲರ್ ಮೂಲಕ ಬರುತ್ತದೆ, ಒಂದಕ್ಕೆ ಸುಮಾರು 140 ರೂಪಾಯಿ. ವಾರಕ್ಕೆ 120 ಬೇಕು. ಡೀಲರ್ ಹೇಳಿದ್ದು ನಾಲ್ಕು ವಾರ. ಅದಕ್ಕೆ 480, ಮೇಲೆ ಕಾಲುಭಾಗ ಜಾಸ್ತಿ ಹಾಕಿ 600ರ ಎರಡು ಡಬ್ಬ ಇಟ್ಟೆವು. ಪುಸ್ತಕದ ಪ್ರಕಾರ ಇದು ಸರಿ. ಆದರೆ ಒಂದು ವರ್ಷದಲ್ಲಿ ಸೀಲ್ ಇಲ್ಲದೆ ಅಸೆಂಬ್ಲಿ ಎಂಟೊಂಬತ್ತು ಸಲ ನಿಂತಿತು. ಎಲ್ಲ ಕೂಡಿಸಿದರೆ ಹದಿನಾರು ದಿನದ ಹತ್ತಿರ. ಒಂದು ಸಿಲಿಂಡರಿಗೆ 4,500 ಎಂದಿಟ್ಟುಕೊಂಡರೂ ದಿನಕ್ಕೆ 90,000 ರೂಪಾಯಿಯ ಮಾಲು ಹೊರಗೆ ಹೋಗದೆ ನಿಲ್ಲುತ್ತಿತ್ತು, 140 ರೂಪಾಯಿಯ ರಬ್ಬರಿಗೋಸ್ಕರ.

ಯಾಕೆ ನಿಂತಿತು ಎಂದು ಹುಡುಕುವಾಗ ಎಲ್ಲರ ಬೆರಳೂ ಸ್ಟೋರಿನ ಕಡೆ ಹೋಯಿತು. ಕಾರ್ಡು ತಡವಾಗಿ ಹಾಕಿದ್ದಾರೆ, ಡಬ್ಬ ಸರಿಯಾಗಿ ಎಣಿಸಿಲ್ಲ ಎಂದು. ಹಳೆಯ ಖರೀದಿ ಆರ್ಡರುಗಳ, ಅಂದರೆ ಪಿಒಗಳ, ಕಡತ ತೆಗೆದು ಹಿಂದಿನ ಹದಿನಾಲ್ಕು ಆರ್ಡರಿಗೆ ಎಷ್ಟು ವಾರ ಹಿಡಿಯಿತು ಎಂದು ಸಾಲಾಗಿ ಬರೆದೆವು: 4, 4, 4, 5, 5, 5, 5, 5, 6, 6, 6, 9, 10, 11. ಸರಾಸರಿ ಆರು ವಾರ. ಡೀಲರಿನ ಮಾತು ನಿಜವಾದದ್ದು ಮೂರೇ ಸಲ. 9, 10, 11ಕ್ಕೆ ಮೂರು ಬೇರೆ ಬೇರೆ ಕಾರಣ. ಒಂದು ಸಲ ಕಂಟೇನರ್ ತುಂಬುವಷ್ಟು ಬೇರೆಯವರ ಮಾಲು ಸೇರುವ ತನಕ ನಮ್ಮ ಪೆಟ್ಟಿಗೆ ಅಲ್ಲೇ ಕಾದಿತ್ತು. ಇನ್ನೊಂದು ಚಾಂದ್ರಮಾನ ಹೊಸವರ್ಷದ ರಜೆ. ಮೂರನೆಯದು 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿದ ವಾರಕ್ಕೆ ಸಿಕ್ಕಿಕೊಂಡದ್ದು. ಮೂರರಲ್ಲಿ ಒಂದೂ ನಮ್ಮ ಸ್ಟೋರಿನ ತಪ್ಪಲ್ಲ.

ಈಗ ಡಬ್ಬದ ಲೆಕ್ಕ ನೋಡಿ. ಮೊದಲ ಡಬ್ಬ ಖಾಲಿಯಾದಾಗ ಆರ್ಡರ್ ಹೋಗುತ್ತದೆ. ಎರಡನೆಯದರ 600 ಐದು ವಾರಕ್ಕೆ ಮುಗಿಯುತ್ತದೆ. ಮಾಲು ಆರನೇ ವಾರ ಬಂದರೆ ಒಂದು ವಾರ ಕೈ ಖಾಲಿ. ಒಂಬತ್ತನೇ ವಾರ ಬಂದರೆ ನಾಲ್ಕು ವಾರ. ಸರಾಸರಿಯೇ ಆರು ವಾರ ಇರುವ ಮಾಲಿಗೆ ಐದು ವಾರದ ಡಬ್ಬ ಇಟ್ಟು, ಸ್ಟೋರಿನವನನ್ನು ಬೈದರೆ ಏನು ಬಂತು!

ಅದಕ್ಕೂ ದೊಡ್ಡ ತೊಡಕು ಕಾನ್‌ಬಾನ್‌ನ ಹೊಟ್ಟೆಯೊಳಗೇ ಇದೆ. ಡಬ್ಬ ದೊಡ್ಡದಾಯಿತು, ಚಿಕ್ಕ ಕಾರ್ಡು ಮಾಡೋಣ ಎಂದು ಅದೇ 1,200 ಸೀಲನ್ನು 100ರಂತೆ ಹನ್ನೆರಡು ಕಾರ್ಡಿಗೆ ಹಂಚಿ ನೋಡಿದೆವು. ಆರು ವಾರದ ಮಾಲು ಎಂದರೆ 720 ಸೀಲ್ ಯಾವಾಗಲೂ ದಾರಿಯಲ್ಲಿ, 480 ಕಪಾಟಿನಲ್ಲಿ. ತೊಂದರೆ ಇಲ್ಲ. ಒಂಬತ್ತು ವಾರವಾದರೆ 1,080 ದಾರಿಯಲ್ಲಿ, 120 ಕೈಯಲ್ಲಿ. ಹನ್ನೊಂದು ವಾರ ಹಾಗೇ ಮುಂದುವರಿದರೆ ದಾರಿಯಲ್ಲೇ 1,320 ಇರಬೇಕು. ಇರುವುದೇ 1,200. ಎಲ್ಲ ಕಾರ್ಡೂ ಹಡಗಿನಲ್ಲಿ, ಬೋರ್ಡು ಬರಿದು. ಸೀಲ್ ತೀರಾ ಬೇಕಾದ ವಾರದಲ್ಲೇ ಆರ್ಡರ್ ಹಾಕಲು ಒಂದು ಕಾರ್ಡೂ ಇರುವುದಿಲ್ಲ. ಮೂರು ದಿನದ ಬೋಲ್ಟಿನಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ, ಯಾಕೆಂದರೆ ದಾರಿಯಲ್ಲಿರುವುದು ಒಂದು ಹಿಡಿಯಷ್ಟು.

ಕಾರ್ಡು ಜಾಸ್ತಿ ಮಾಡಿದರಾಯಿತಲ್ಲ ಎಂದು ಹದಿನೆಂಟಕ್ಕೆ ಏರಿಸಿದ್ದೂ ಉಂಟು. ಎರಡು ತಿಂಗಳು ಹಾಯಾಗಿತ್ತು. ಆಮೇಲೆ ಗಿರಾಕಿಯ ಬೇಡಿಕೆ ವಾರಕ್ಕೆ ಎಪ್ಪತ್ತಕ್ಕೆ ಇಳಿಯಿತು. ಕಾರ್ಡು ತಾನಾಗಿಯೇ ನಿಧಾನವಾಗುತ್ತದೆ, ಸರಿ, ಆದರೆ ಮೊದಲೇ ಹೊರಟ ಕಾರ್ಡನ್ನು ಸಮುದ್ರದ ಮಧ್ಯದಿಂದ ವಾಪಸ್ ಕರೆಯಲು ಬರುವುದಿಲ್ಲ. ವಾರಕ್ಕೆ 120ರ ಲೆಕ್ಕದಲ್ಲಿ ಹೊರಟದ್ದು ಎಪ್ಪತ್ತು ಬೇಕಾದಾಗ ಬಂದು ಬಿತ್ತು. ಆಗಲೇ ಸ್ಟೋರಿನ ಹುಡುಗ ಒಂದು ಗೋಣಿಚೀಲದಲ್ಲಿ ನೂರೈವತ್ತು ಸೀಲ್ ಬಚ್ಚಿಟ್ಟಿದ್ದೂ ಗೊತ್ತಾಯಿತು. "ಮತ್ತೆ ಲೈನ್ ನಿಂತ್ರೆ ನನ್ನನ್ನೇ ಕೇಳ್ತೀರಲ್ಲ ಸಾರ್" ಎಂದ. ಅವನದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಎಲ್ಲಾದರೂ ಬಚ್ಚಿಟ್ಟ ಮಾಲು ಸಿಕ್ಕಿದರೆ, ಆ ಮಾಲಿನ ಕಾರ್ಡು ಲೆಕ್ಕ ಸುಳ್ಳು ಎಂದೇ ತಿಳಿಯಿರಿ.

ಕೊನೆಗೆ ಹಿಡಿದ ದಾರಿ ಸರಳ. ಸೀಲಿಗೆ ಹೊರಗಿನ ಕಾರ್ಡನ್ನು ಪೂರ್ತಿ ತೆಗೆದೆವು. ಕಾನ್‌ಬಾನ್ ಸ್ಟೋರಿನಿಂದ ಅಸೆಂಬ್ಲಿ ಬೆಂಚಿಗೆ ಮಾತ್ರ. 40ರ ಎರಡು ನೀಲಿ ಡಬ್ಬ, ಒಂದೊಂದು ಎರಡು ದಿನಕ್ಕೆ. ಅಲ್ಲಿ ಲೀಡ್ ಟೈಮ್, ಅಂದರೆ ಕೇಳಿದ ಮೇಲೆ ಮಾಲು ಕೈಗೆ ಬರಲು ಹಿಡಿಯುವ ಹೊತ್ತು, ಹತ್ತು ನಿಮಿಷ, ಹಾಗಾಗಿ ಅಲ್ಲಿ ಅದು ಗಡಿಯಾರದ ಹಾಗೆ ನಡೆಯುತ್ತದೆ. ಡೀಲರಿಗೆ ಆರ್ಡರ್ ಮಾತ್ರ ಎರಡು ವಾರಕ್ಕೊಮ್ಮೆ ಶನಿವಾರ, ಡಬ್ಬ ಖಾಲಿಯಾಗಲಿ ಬಿಡಲಿ. ನೋಡುವುದು ಕಪಾಟನ್ನಲ್ಲ. ಕಪಾಟಿನಲ್ಲಿರುವುದಕ್ಕೆ ದಾರಿಯಲ್ಲಿರುವುದನ್ನು ಕೂಡಿಸಿ, ಅಸೆಂಬ್ಲಿಗೆ ಬಾಕಿ ಕೊಡಬೇಕಾದ ಸೀಲನ್ನು ಕಳೆಯುತ್ತೇವೆ. ಅದು 1,440ಕ್ಕೆ ಎಷ್ಟು ಕಡಿಮೆಯೋ ಅಷ್ಟು ಆರ್ಡರ್.

1,440 ಎಲ್ಲಿಂದ ಬಂತು? ಹದಿನಾಲ್ಕರ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದು ಹತ್ತು ವಾರ. ಎರಡು ಆರ್ಡರ್ ಶನಿವಾರಗಳ ನಡುವಿನ ಎರಡು ವಾರ ಸೇರಿಸಿದರೆ ಹನ್ನೆರಡು. ಹನ್ನೆರಡನ್ನು 120ರಿಂದ ಗುಣಿಸಿ. ಸರಾಸರಿಯನ್ನು ನಾನು ಮುಟ್ಟುವುದಿಲ್ಲ. ತಡವಾಗುವ ಮಾಲು ಸರಾಸರಿಯ ಎರಡೂ ಕಡೆ ಸಮನಾಗಿ ಹರಡುವುದಿಲ್ಲ, ತಡದ ಕಡೆಗೆ ಮಾತ್ರ ಬಾಲ ಚಾಚುತ್ತದೆ. ಎಕ್ಸೆಲ್‌ನಲ್ಲಿ ಒಂದೇ ಸಾಲು, B ಕಪಾಟು, C ದಾರಿ, D ಬಾಕಿ, ಪ್ಯಾಕೆಟ್ಟಿಗೆ 50:

```
=CEILING(MAX(0,1440-(B2+C2-D2)),50)
```

ಒಂದು ಶನಿವಾರದ ಲೆಕ್ಕ ಹೇಳುತ್ತೇನೆ. ಕಪಾಟಿನಲ್ಲಿ 380. ದಾರಿಯಲ್ಲಿ ಮೂರು ಆರ್ಡರ್, 250, 300, 250, ಒಟ್ಟು 800. ಬಾಕಿ ಇಲ್ಲ. 1,180 ಆಯಿತು, 260 ಕಡಿಮೆ, ಪ್ಯಾಕೆಟ್ ಲೆಕ್ಕಕ್ಕೆ 300 ಆರ್ಡರ್. ಹಳೆಯ ಡಬ್ಬದ ಪ್ರಕಾರವಾದರೆ ಕಪಾಟಿನಲ್ಲಿ ಇನ್ನೂ 380 ಇದೆ, ಆ ಡಬ್ಬ ಖಾಲಿಯಾಗುವ ತನಕ ಸುಮ್ಮನಿರು ಎಂದಾಗುತ್ತಿತ್ತು. ಅದು ಖಾಲಿಯಾಗಲು ಮೂರು ವಾರ. ಆ ಮೂರು ವಾರವೇ ಆಮೇಲೆ ಲೈನ್ ನಿಲ್ಲುವ ಮೂರು ವಾರ.

ಆಡಿಟರ್ ಮೊದಲೇ ತಕರಾರು ತೆಗೆದಿದ್ದರು, ಸ್ಟಾಕ್ ಜಾಸ್ತಿ ಆಗುತ್ತದೆ ಎಂದು. ಜಾಸ್ತಿಯೇನೋ ಆಯಿತು. ಮೊದಲು ಕಪಾಟಿನಲ್ಲಿ ಸರಾಸರಿ ಮುನ್ನೂರರ ಸುಮಾರು, ಈಗ ಆರುನೂರರ ಸುಮಾರು. ಹೆಚ್ಚಿಗೆ ಸಿಕ್ಕಿಕೊಂಡದ್ದು 42,000 ರೂಪಾಯಿ, ಬ್ಯಾಂಕ್ ಬಡ್ಡಿ ವರ್ಷಕ್ಕೆ ಐದು ಸಾವಿರ ಚಿಲ್ಲರೆ. ಒಂದೇ ದಿನ ನಿಂತರೂ ಅದಕ್ಕಿಂತ ಜಾಸ್ತಿ ಹೋಗುತ್ತಿತ್ತು. ಗಿರಾಕಿಯ ಕಡೆಯ ಕ್ವಾಲಿಟಿಯವರು ಬಂದಾಗ, ಸ್ಟಾಕ್ ಇಡುವುದೇ ದಂಡ, ಟೊಯೋಟ ನೋಡಿ ಎಂದರು. ಟೊಯೋಟವನ್ನೇ ನೋಡೋಣ. 2011ರ ಜಪಾನಿನ ಭೂಕಂಪದ ನಂತರ ಅವರೇ ತಮ್ಮ ಚಿಪ್ ಸರಬರಾಜುದಾರರಿಗೆ ಎರಡರಿಂದ ಆರು ತಿಂಗಳ ಸ್ಟಾಕ್ ಇಟ್ಟುಕೊಳ್ಳಿ ಎಂದಿದ್ದರು. ಚಿಪ್‌ಗೆ ಲೀಡ್ ಟೈಮ್ ಉದ್ದ ಎನ್ನುವುದು ಅವರಿಗೆ ಗೊತ್ತಿತ್ತು. ಹತ್ತಿರದ ಮಾಲಿಗೆ ಕಾರ್ಡು, ದೂರದ ಮಾಲಿಗೆ ಸ್ಟಾಕ್. ಅದನ್ನು ಕೇಳಿದ ಮೇಲೆ ಕ್ವಾಲಿಟಿಯವರು ಮಾತು ಬದಲಿಸಿದರು.

ಹನ್ನೊಂದು ತಿಂಗಳಾಯಿತು, ಸೀಲ್ ಇಲ್ಲದೆ ಅಸೆಂಬ್ಲಿ ಒಂದೇ ಸಲ ನಿಂತದ್ದು, ಅದೂ ಅರ್ಧ ದಿನ. ಆ ಅರ್ಧ ದಿನದ ಕಾರಣ ಹೇಳಬೇಕು, ಯಾಕೆಂದರೆ ಈ ವಿಧಾನದ ಮೆದು ಜಾಗ ಅಲ್ಲೇ ಇದೆ. ದಾರಿಯಲ್ಲಿ 300 ಎಂದು ತೋರಿಸುತ್ತಿದ್ದ ಒಂದು ಪಿಒವನ್ನು ಡೀಲರ್ ಸುಮ್ಮನೆ ರದ್ದು ಮಾಡಿದ್ದ. ನಮ್ಮ ಹಾಳೆಯಲ್ಲಿ ಅದು ಬದುಕಿಯೇ ಇತ್ತು. ಲೆಕ್ಕ ಸರಿ ಇದೆ ಎಂದುಕೊಂಡು ಮೂರು ಶನಿವಾರ ಕಡಿಮೆ ಆರ್ಡರ್ ಹೋಯಿತು. ಇದರ ತಿರುಗುಮುರುಗು ಕೂಡ ಆಗುತ್ತದೆ. 300ರ ಆರ್ಡರಿಗೆ 180 ಬಂದಾಗ ಕಂಪ್ಯೂಟರಿನಲ್ಲಿ ಪಿಒ ಮುಚ್ಚಿಬಿಟ್ಟರೆ, ಇನ್ನೂ ಬರಬೇಕಾದ 120 ಲೆಕ್ಕದಿಂದ ಮಾಯ, ಮತ್ತೊಮ್ಮೆ ತರಿಸುತ್ತೀರಿ. ಹಾಗಾಗಿ ಪ್ರತಿ ಆರ್ಡರ್ ಶನಿವಾರ, ಆರ್ಡರ್ ಹಾಕುವ ಮೊದಲು, ಡೀಲರಿಗೆ ಫೋನ್ ಮಾಡಿ ತೆರೆದಿರುವ ಪಿಒಗಳನ್ನು ಒಂದೊಂದೇ ಸಾಲು ಓದಿಸುತ್ತೇವೆ. "ಹಡಗು ಕೊಲಂಬೋ ದಾಟಿದೆ ಸಾರ್" ಎಂಬ ಉತ್ತರ ಸಾಕಾಗುವುದಿಲ್ಲ. ಮಾಲು ಹಡಗಿಗೆ ಹತ್ತಿದ್ದಕ್ಕೆ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗಿನ ನಂಬರ್ ಹೇಳಿದರೆ ಮಾತ್ರ ದಾರಿಯಲ್ಲಿದೆ ಎಂದು ಬರೆಯುವುದು.

ಲೀಡ್ ಟೈಮ್ ಅಳೆಯುವಾಗ ಇನ್ನೊಂದು ಗುಂಡಿ. ಮೊದಲು ಹಾಕಿದ ಆರ್ಡರ್ ಆಮೇಲೆ ಹಾಕಿದ್ದಕ್ಕಿಂತ ತಡವಾಗಿ ಬರುವುದುಂಟು. ಸ್ಟೋರಿನವರು ಬಂದ ಮಾಲನ್ನು ಹಳೆಯ ಪಿಒಗೆ ಹೊಂದಿಸಿಬಿಡುತ್ತಾರೆ, ಯಾಕೆಂದರೆ ಅದು ಮೇಲಿರುತ್ತದೆ. ಹಾಗೆ ಮಾಡಿದರೆ ಹತ್ತು ವಾರದ್ದೂ ಐದು ವಾರದ್ದೂ ಪುಸ್ತಕದಲ್ಲಿ ಏಳೆಂಟಾಗಿ, ಎಲ್ಲ ಸಮ ಇದೆ ಎಂದು ಕಾಣುತ್ತದೆ. ಇನ್‌ವಾಯ್ಸಿನಲ್ಲಿರುವ ಪಿಒ ನಂಬರ್ ನೋಡಿಯೇ ಬರೆಯಬೇಕು.

ಬಾಲವನ್ನೇ ಮೊಟಕು ಮಾಡುವುದು ಲಾಭವೋ ಎಂದು ಒಂದು ಪಕ್ಕದ ಲೆಕ್ಕ ಹಾಕಿದ್ದೆ. ವಾರದ ಬಳಕೆಯ ಏರಿಳಿತ 25 ಸೀಲ್, ಲೀಡ್ ಟೈಮಿನ ಏರಿಳಿತ 2.3 ವಾರ. 8 ಎಂದರೆ ಸರಾಸರಿ ಆರು ವಾರಕ್ಕೆ ಶನಿವಾರಗಳ ನಡುವಿನ ಎರಡು ವಾರ ಸೇರಿಸಿದ್ದು. ಎರಡೂ ಏರಿಳಿತ ಕೂಡಿದರೆ ಎಷ್ಟು ಸೀಲಿನ ಏರಿಳಿತ ಎಂಬುದು ಇಲ್ಲಿದೆ.

```
sqrt(8*25^2 + (120*2.3)^2)  = 285
sqrt(0     + (120*2.3)^2)   = 276
sqrt(8*25^2 + (120*1.15)^2) = 155
```

ಬಳಕೆಯ ಏರಿಳಿತವನ್ನು ಪೂರ್ತಿ ಅಳಿಸಿದರೂ 285 ಇಳಿಯುವುದು 276ಕ್ಕೆ ಅಷ್ಟೇ. ಸೇಲ್ಸಿನವರ ಅಂದಾಜು ಸರಿಪಡಿಸುವ ಸಭೆಗಳೆಲ್ಲ ಹೋದದ್ದು ಈ ಒಂಬತ್ತಕ್ಕೆ. ಲೀಡ್ ಟೈಮಿನ ಅಲುಗಾಟವನ್ನು ಅರ್ಧ ಮಾಡಿದರೆ ಅದು 155 ಆಗುತ್ತದೆ. ಡೀಲರ್ ಬೇಗ ತರುತ್ತೇನೆ ಎಂದರೆ ನಮಗೆ ಅಷ್ಟು ಖುಷಿಯಿಲ್ಲ, ಹೇಳಿದ ವಾರಕ್ಕೇ ತಂದರೆ ಆರು ವಾರವಾದರೂ ಸರಿ. ಅದಕ್ಕಾಗಿ ಈಗ ಇನ್ನೊಂದು ಕಡೆಯಿಂದಲೂ ಸ್ವಲ್ಪ ಸೀಲ್ ತರಿಸುತ್ತಿದ್ದೇವೆ. ಆ ಅಂಗಡಿಯ ಹೆಸರನ್ನೂ, ಎರಡು ಕಡೆಗೆ ಯಾವ ಅನುಪಾತದಲ್ಲಿ ಹಂಚುತ್ತೇವೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ.

1,440 ಕಲ್ಲಿನಲ್ಲಿ ಕೆತ್ತಿದ್ದಲ್ಲ. ಪ್ರತಿ ಮೂರು ತಿಂಗಳಿಗೆ ಪಟ್ಟಿಗೆ ಹೊಸ ಆರ್ಡರ್‌ಗಳನ್ನು ಸೇರಿಸಿ, ಹಳೆಯ ಅಷ್ಟನ್ನೇ ತೆಗೆದು, ಕೊನೆಯಿಂದ ಎರಡನೆಯದನ್ನು ಮತ್ತೆ ನೋಡುತ್ತೇವೆ. ಹೊಸವರ್ಷದ ರಜೆಯ ಮೊದಲಿನ ಎರಡು ಶನಿವಾರ ಮಾತ್ರ ಕೈಯಿಂದಲೇ 240 ಜಾಸ್ತಿ ಹಾಕುತ್ತೇವೆ. ಆ ದಿನಾಂಕ ಪ್ರತಿ ವರ್ಷ ಜನವರಿ ಕೊನೆ, ಫೆಬ್ರವರಿ ನಡುವೆ ಓಡಾಡುತ್ತದೆ, ಆದ್ದರಿಂದ ಡಿಸೆಂಬರಿನಲ್ಲೇ ಸ್ಟೋರಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಡುತ್ತೇವೆ.