ಕೊಡೆಯ ಕಡ್ಡಿ ಮುರಿದರೆ, ಬಟ್ಟೆ ಹರಿದರೆ

ಗಾಳಿಮಳೆಗೆ ಕೊಡೆ ಮೇಲಕ್ಕೆ ಮಗುಚಿಕೊಂಡಿತು ಅಂದರೆ ಸಾಮಾನ್ಯವಾಗಿ ಒಂದು ಕಡ್ಡಿ ಹೋಗಿರುತ್ತದೆ. ನಮ್ಮ ಮಲೆನಾಡಿನಲ್ಲಿ ಜೂನ್ ಬಂತೆಂದರೆ ಇದು ಮನೆಮನೆಯ ಕಥೆ. ಹಾಗಂತ ಕೊಡೆಯನ್ನೇ ಎಸೆಯಬೇಡಿ. ಮೊದಲು ಅದನ್ನು ಬಿಚ್ಚಿ ಹಿಡಿದು ಒಳಗಿನಿಂದ ನೋಡಿ. ಎಷ್ಟೋ ಸಲ ಕಡ್ಡಿಗೆ ಏನೂ ಆಗಿರುವುದಿಲ್ಲ, ಬಟ್ಟೆಯನ್ನು ಕಡ್ಡಿಯ ತುದಿಗೆ ಹಿಡಿದಿದ್ದ ದಾರ ಕಿತ್ತಿರುತ್ತದೆ, ಅಷ್ಟೇ. ಪಾಲಿಯೆಸ್ಟರ್ ದಾರವನ್ನು ಎರಡೆಳೆ ಮಾಡಿ, ಮೇಣದಬತ್ತಿಗೆ ಉಜ್ಜಿ, ತುದಿಯ ತೂತಿನೊಳಗೆ ನಾಲ್ಕೈದು ಸುತ್ತು ಹಾಕಿ ಬಿಗಿಯಾಗಿ ಗಂಟು ಹಾಕಿ. ಹತ್ತಿ ದಾರ ಬೇಡ, ನೆನೆದು ನೆನೆದು ಕೊಳೆತು ಹೋಗುತ್ತದೆ.

ಕಡ್ಡಿಯೇ ಮುರಿದಿದ್ದರೆ ಎಲ್ಲಿ ಮುರಿದಿದೆ ಅನ್ನುವುದು ಮುಖ್ಯ. ಕೋಲಿನ ಕಡೆಯಿಂದ ಬಂದು ಕಡ್ಡಿಯನ್ನು ಎತ್ತಿ ಹಿಡಿಯುವ ಇನ್ನೊಂದು ಸಣ್ಣ ಕಡ್ಡಿ ಇದೆಯಲ್ವಾ, ಅದು ಸೇರುವ ಕೀಲಿನ ಹತ್ತಿರವೇ ಹೆಚ್ಚಾಗಿ ಮುರಿಯುತ್ತದೆ. ಅಲ್ಲಿ ತೂತು ಕೊರೆದಿರುವುದರಿಂದ ಕಡ್ಡಿಗೆ ಶಕ್ತಿ ಕಡಿಮೆ. ಸರಿಯಾಗಿ ಕೀಲಿನಲ್ಲೇ ಮುರಿದಿದ್ದರೆ ಮನೆಯಲ್ಲಿ ಕಟ್ಟಿದ್ದು ನಿಲ್ಲುವುದಿಲ್ಲ. ಕೊಡೆ ಮಡಿಸುವಾಗ ಆ ಕೀಲು ತಿರುಗಬೇಕು, ನಾವು ಕಟ್ಟಿದ ಪಟ್ಟಿ ಅದಕ್ಕೆ ಅಡ್ಡ ಬರುತ್ತದೆ. ಅದನ್ನು ಕೊಡೆ ರಿಪೇರಿಯವರಿಗೆ ಕೊಡಿ. ಅವರು ಬೇರೆ ಕಡ್ಡಿಯನ್ನೇ ಹಾಕಿಕೊಡುತ್ತಾರೆ.

ಕೀಲಿನಿಂದ ಎರಡು ಇಂಚಾದರೂ ಆಚೆ, ತುದಿಯ ಕಡೆಗೆ ಮುರಿದಿದ್ದರೆ ನಾವೇ ಮಾಡಬಹುದು. ಕೈ ಮುರಿದಾಗ ನಾಟಿ ವೈದ್ಯರು ಪಟ್ಟಿ ಇಟ್ಟು ಕಟ್ಟುತ್ತಾರಲ್ಲ, ಇದೂ ಹಾಗೇ. ಹಳೆಯ ಸೈಕಲ್‌ನ ಒಂದು ಸ್ಪೋಕ್ ತಂತಿ ಹುಡುಕಿ. ಮೂರು ಇಂಚು ತುಂಡು ಸಾಕು. ಎರಡು ತುದಿಯನ್ನೂ ಕಲ್ಲಿಗೆ ಉಜ್ಜಿ ಮೊನೆ ತೆಗೆಯಿರಿ, ಇಲ್ಲದಿದ್ದರೆ ಅದೇ ಬಟ್ಟೆಯನ್ನು ಹರಿಯುತ್ತದೆ. ಈಗ ಆ ಕಡ್ಡಿಗೆ ಬಟ್ಟೆಯನ್ನು ಕಟ್ಟಿದ ದಾರಗಳನ್ನು ಬಿಚ್ಚಿ. ತುದಿಯಲ್ಲೊಂದು ಇರುತ್ತದೆ, ನಡುವೆ ಒಂದೆರಡು ಕಡೆ ಇರುತ್ತದೆ. ಬಟ್ಟೆ ಸರಿದರೆ ಕೈಯಾಡಿಸಲು ಜಾಗ ಸಿಗುತ್ತದೆ.

ಉಕ್ಕಿನ ಕಡ್ಡಿಯ ಕೆಳಬದಿಗೆ ಉದ್ದಕ್ಕೂ ಒಂದು ಸಣ್ಣ ಸೀಳು ಇರುತ್ತದೆ. ಮುರಿದ ಎರಡೂ ತುಂಡನ್ನು ನೆಟ್ಟಗೆ ಜೋಡಿಸಿ, ಸ್ಪೋಕನ್ನು ಆ ಸೀಳಿನೊಳಗೆ ಕೂರಿಸಿ. ಮುರಿದ ಜಾಗದ ಆಚೆ ಈಚೆ ಒಂದೂವರೆ ಇಂಚು ಬರಲಿ. ಕೂರದಿದ್ದರೆ ಕೆಳಬದಿಯಲ್ಲೇ ಒತ್ತಿ ಹಿಡಿಯಿರಿ. ಹಳೆಯ ಕರೆಂಟ್ ವೈರಿನ ಒಳಗಿನ ತಾಮ್ರದ ಎಳೆಗಳನ್ನು ಮೂರ್ನಾಲ್ಕು ಸೇರಿಸಿ ಹೊಸೆದು, ಈ ತುದಿಯಿಂದ ಆ ತುದಿಯವರೆಗೆ ಒತ್ತೊತ್ತಾಗಿ ಸುತ್ತಿ. ಕೊನೆಯನ್ನು ಇಕ್ಕಳದಿಂದ ತಿರುಚಿ ಕೆಳಬದಿಗೆ ಮಡಚಿ ಒತ್ತಿ, ಬಟ್ಟೆಯ ಕಡೆಗೆ ಬರಲೇಬಾರದು. ಅದರ ಮೇಲೆ ಬಟ್ಟೆಯ ಟೇಪ್ ಎರಡು ಸುತ್ತು. ಕರೆಂಟಿನವರ ಪ್ಲಾಸ್ಟಿಕ್ ಟೇಪ್ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ, ಅದೊಂದೇ ಇದ್ದರೆ ಮೇಲೆ ದಾರ ಸುತ್ತಿ ಕಟ್ಟಿ.

ಬಟ್ಟೆ ಹೊಲಿಯುವ ಮೊದಲೇ ಕೊಡೆಯನ್ನು ನಿಧಾನವಾಗಿ ಮಡಿಸಿ ನೋಡಿ. ಎಲ್ಲಾದರೂ ತಡೆದರೆ ಪಟ್ಟಿಯನ್ನು ತುದಿಯ ಕಡೆಗೆ ಸ್ವಲ್ಪ ಸರಿಸಿ ಮತ್ತೆ ಕಟ್ಟಿ.

ಕಡ್ಡಿ ಮುರಿದಾಗ ಅದರ ಮೊನೆ ಬಟ್ಟೆಯನ್ನೂ ಸೀಳಿರುವುದು ಜಾಸ್ತಿ. ಎರಡು ಬಟ್ಟೆ ಸೇರುವ ಹೊಲಿಗೆ ಬಿಟ್ಟಿದ್ದರೆ ತೇಪೆ ಬೇಕಿಲ್ಲ. ಹಳೆಯ ತೂತುಗಳಲ್ಲೇ ಸಣ್ಣ ಸೂಜಿಯಿಂದ ಹಿಂದಿರುಗಿ ಹಿಂದಿರುಗಿ ಹೊಲಿದು, ಹೊಲಿಗೆಯ ಮೇಲೆ ಮೇಣದಬತ್ತಿ ಉಜ್ಜಿ. ಹೊಸ ತೂತು ಮಾಡಿದಷ್ಟೂ ನೀರು ಇಳಿಯುವ ದಾರಿ ಹೆಚ್ಚು.

ಬಟ್ಟೆಯ ನಡುವೆಯೇ ಸೀಳಿದ್ದರೆ ಮೊದಲು ಸೀಳಿನ ಎರಡೂ ಕೊನೆಗೆ ಒಂದೊಂದು ಹೊಲಿಗೆ ಹಾಕಿ, ಮುಂದಕ್ಕೆ ಹರಿಯದಂತೆ. ಆಮೇಲೆ ಹಾಳಾದ ಇನ್ನೊಂದು ಕೊಡೆಯ ಬಟ್ಟೆಯಿಂದ ಸುತ್ತಲೂ ಅರ್ಧ ಇಂಚು ದೊಡ್ಡದಾದ ತುಂಡು ಕತ್ತರಿಸಿ. ಮೂಲೆಗಳು ದುಂಡಗಿರಲಿ, ಚೂಪು ಮೂಲೆ ಬೇಗ ಏಳುತ್ತದೆ. ತೇಪೆಯನ್ನು ಒಳಗಡೆಯಿಂದಲೇ ಹಾಕಿ. ಹೊರಗೆ ಹಾಕಿದರೆ ಇಳಿಯುವ ನೀರು ಅದರ ಮೇಲಂಚಿಗೆ ನುಗ್ಗಿ ಎಬ್ಬಿಸುತ್ತದೆ. ಸೈಕಲ್ ಪಂಕ್ಚರ್ ಹಾಕುವ ಸಲ್ಯೂಷನ್ ಇದಕ್ಕೆ ಒಳ್ಳೆಯದು. ತೇಪೆಗೂ ಬಟ್ಟೆಗೂ ತೆಳ್ಳಗೆ ಸವರಿ, ಬೆರಳು ಮುಟ್ಟಿದರೆ ಅಂಟಂಟು ಅನ್ನುವವರೆಗೆ ಕೆಲವು ನಿಮಿಷ ಬಿಡಿ. ಸೀಳಿನ ಅಂಚುಗಳನ್ನು ಕೂಡಿಸಿ ಒತ್ತಿ, ಮೇಲಿಂದ ಒಂದು ತಟ್ಟೆ, ಕೆಳಗಿಂದ ಒಂದು ಪುಸ್ತಕ ಇಟ್ಟು ಒಂದು ರಾತ್ರಿ ಬಿಡಿ. ಕಾಗದದ ಬಿಳಿ ಅಂಟು ನೀರಿಗೆ ಕರಗುತ್ತದೆ. ಸೂಪರ್ ಗ್ಲೂ ಗಡುಸಾಗಿ, ಮಡಿಸಿದಲ್ಲಿ ಬಿರುಕು ಬಿಡುತ್ತದೆ.

ಮರುದಿನ ಬಚ್ಚಲಲ್ಲಿ ಕೊಡೆ ಬಿಚ್ಚಿ ತೇಪೆಯ ಮೇಲೆ ಎರಡು ಚೊಂಬು ನೀರು ಸುರಿದು ಒಳಗೆ ಕೈಯಾಡಿಸಿ. ತೇವ ಬಂದ ಕಡೆ ಅಂಚಿಗೆ ಇನ್ನಷ್ಟು ಸಲ್ಯೂಷನ್ ಸವರಿ. ಪಕ್ಕಪಕ್ಕದ ಎರಡು ಕಡ್ಡಿ ಹೋಗಿದ್ದರೆ ಮಾತ್ರ ಸುಮ್ನೆ ಶ್ರಮಪಡಬೇಡಿ, ಗಾಳಿಗೆ ನಿಲ್ಲುವುದಿಲ್ಲ. ಅದರ ಬಟ್ಟೆ, ಚೆನ್ನಾಗಿರುವ ಕಡ್ಡಿಗಳನ್ನು ಬಿಚ್ಚಿ ಒಂದು ಚೀಲಕ್ಕೆ ಹಾಕಿಟ್ಟುಕೊಳ್ಳಿ, ಮುಂದಿನ ರಿಪೇರಿಗೆ ಬೇಕಾಗುತ್ತದೆ.