ಲೆಡ್ಜರ್ ಕಂಪ್ಯೂಟರಿಗೆ ಹೋದಮೇಲೆ ಗುಮಾಸ್ತರ ಕೈಯಲ್ಲಿ ಉಳಿಯುವ ಕೆಲಸ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2022ರ ಜೂನ್‌ನಲ್ಲಿ, ಆಗಿನ ಗುರಿ 63,000 ಸಂಘಗಳು. ಶಿರಸಿ ಕಡೆಯ ಸೊಸೈಟಿಯೊಂದರಲ್ಲಿ ಸಾಲದ ಲೆಡ್ಜರ್ ಬರೆಯುವ ನನ್ನಂಥವರಿಗೆ ಆಗ ಎದ್ದ ಪ್ರಶ್ನೆ ಒಂದೇ: ಬಡ್ಡಿಯನ್ನು ಕಂಪ್ಯೂಟರೇ ಹಾಕಿ, ಖಾತೆಗೂ ಅದೇ ಏರಿಸಿದರೆ ನಮಗೇನು ಕೆಲಸ? ಇದು ಬರಿಯ ಅಳುಕಲ್ಲ, ಲೆಕ್ಕ ಹಾಕಿ ನೋಡಬೇಕಾದ ವಿಷಯ.

ಮೊದಲು ಮಾಡಿದ್ದು ಒಂದು ನೋಟ್‌ಬುಕ್. ಕೆಲಸದ 15 ದಿನ, ಮಾಡಿದ್ದನ್ನೆಲ್ಲ ಆಗಿಂದಾಗ್ಗೆ ಬರೆದಿಟ್ಟೆ: ಕೆಲಸ ಯಾವುದು, ಎಷ್ಟು ನಿಮಿಷ, ಯಾರು ಕೇಳಿದ್ದು. ಸಂಜೆ ನೆನಪಿಸಿಕೊಂಡು ಬರೆದರೆ ಸಣ್ಣ ಕೆಲಸಗಳು ಬಿಟ್ಟುಹೋಗುತ್ತವೆ, ಉಳಿಯುವ ಕೆಲಸಗಳೆಲ್ಲ ಅಲ್ಲೇ ಇರುವುದು. ಏಳು ಗಂಟೆಯ ದಿನದಲ್ಲಿ ಸುಮಾರು ಮೂರೂವರೆ ಗಂಟೆ ಡೇ ಬುಕ್ಕಿನಿಂದ ಲೆಡ್ಜರಿಗೆ ಏರಿಸುವುದು, ಬಡ್ಡಿ ಹಾಕುವುದು, ಬಾಕಿ ಪಟ್ಟಿ ಮಾಡುವುದು. ಅದು ಹೋಗುತ್ತದೆ, ಅದಕ್ಕೆ ಅಂಟಿಕೊಂಡು ಪ್ರಯೋಜನವಿಲ್ಲ. ಪಹಣಿಯ ಹೆಸರಿಗೂ ಸದಸ್ಯತ್ವದ ಹೆಸರಿಗೂ ತಾಳೆ ನೋಡುವುದು, ತೀರಿಕೊಂಡ ಸದಸ್ಯರ ವಾರಸುದಾರರ ಕಾಗದ ಪರಿಶೀಲಿಸುವುದು, ಅಡಿಕೆ ವಿಕ್ರಿಯ ದುಡ್ಡು ಬರುವ ಹೊತ್ತು ನೋಡಿ ಕಂತಿನ ಬಗ್ಗೆ ಮಾತಾಡುವುದು ಉಳಿಯುತ್ತದೆ.

ಇದರ ನಡುವೆ ಯಾರ ಪಟ್ಟಿಯಲ್ಲೂ ಇಲ್ಲದ ದೊಡ್ಡ ಕೆಲಸವೊಂದು ಬರುತ್ತದೆ: ಹಳೆಯ ಬಾಕಿಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು. ಇದನ್ನು ಕಾರ್ಯದರ್ಶಿಯವರಿಂದ ಕೇಳಿ ವಹಿಸಿಕೊಂಡೆ. ಹೊರಗಿಂದ ಬಂದು ಅಂಕಿ ಹೊಡೆಯುವವರಿಗೆ ಒಂದೇ ಹೆಸರಿನ ಮೂವರು ಹೆಗಡೆಯವರಲ್ಲಿ ಯಾರ ಸಾಲ ಯಾವುದು ಎಂದು ತಿಳಿಯುವುದಿಲ್ಲ. ಹೆಸರಿನಿಂದ ಹುಡುಕಬಾರದು, ಸದಸ್ಯ ಸಂಖ್ಯೆ ಮತ್ತು ಲೆಡ್ಜರ್ ಪುಟ ಸಂಖ್ಯೆ ಎರಡನ್ನೂ ಹಿಡಿದು ಸಾಗಬೇಕು.

ಸಾಗಿಸಿದ್ದು ಸರಿಯೇ ಎಂದು ತಿಳಿಯಲು ಒಂದು ದಿನಾಂಕ ಗೊತ್ತುಮಾಡಿ, ಆ ದಿನದ ಎಲ್ಲ ಸದಸ್ಯರ ಸಾಲದ ಬಾಕಿ ಕೂಡಿಸಿ, ಇಡೀ ಸಂಘದ ಒಟ್ಟು ಲೆಕ್ಕವಿರುವ ಜನರಲ್ ಲೆಡ್ಜರಿನ ಸಾಲದ ಖಾತೆಗೆ ಹೋಲಿಸಬೇಕು. ನಮಗೆ ಬಂದ ವ್ಯತ್ಯಾಸ 2,700 ರೂಪಾಯಿ. ಅದು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಅಂದರೆ ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು. ಭಾಗಲಬ್ಧ 300 ಬಂದದ್ದರಿಂದ ಸಾವಿರ ಮತ್ತು ನೂರರ ಸ್ಥಾನದಲ್ಲೇ ಮೊದಲು ನೋಡಿದೆ: 48,500 ಇರಬೇಕಾದಲ್ಲಿ 45,800 ಬಿದ್ದಿತ್ತು. ಇದು ಸುಳಿವು ಮಾತ್ರ, ಪುರಾವೆಯಲ್ಲ. ಲೆಡ್ಜರ್ ಪುಟ ತೆರೆದು ನೋಡಲೇಬೇಕು. ಮೊತ್ತ ತಾಳೆಯಾದರೂ ಇಬ್ಬರ ಬಾಕಿ ಪರಸ್ಪರ ಬದಲಾಗಿರಬಹುದು. ಅದಕ್ಕೇ ದೊಡ್ಡ ಸಾಲಗಳನ್ನು ಒಂದೊಂದಾಗಿ ಬೇರೆ ನೋಡಬೇಕು.

ನಂತರ ಬಡ್ಡಿ. ನಾವು ಕೈಯಲ್ಲಿ ತಿಂಗಳ ಲೆಕ್ಕ ಹಾಕುತ್ತಿದ್ದೆವು, ಸಾಫ್ಟ್‌ವೇರ್ ದಿನದ ಲೆಕ್ಕ ಹಾಕುತ್ತದೆ. ಒಂದು ಲಕ್ಷಕ್ಕೆ ಶೇಕಡಾ 12ರಂತೆ ಆರು ತಿಂಗಳಿಗೆ 6,000 ರೂಪಾಯಿ. ಏಪ್ರಿಲ್ 1ರಿಂದ ಅಕ್ಟೋಬರ್ 1ರವರೆಗೆ 183 ದಿನ, ಆಗ 6,016. ಅಕ್ಟೋಬರ್ 1ರಿಂದ ಏಪ್ರಿಲ್ 1ರವರೆಗೆ ಸಾಮಾನ್ಯ ವರ್ಷದಲ್ಲಿ 182 ದಿನ, ಆಗ 5,984. "ತಮಾ, ಹೋದ್ ಸಲ ಆರು ಸಾವ್ರ ಇತ್ತು, ಈ ಸಲ ಹೆಂಗೆ ಹೆಚ್ಚಾತು?" ಎಂದು ಕೇಳುವವರಿಗೆ "ಕಂಪ್ಯೂಟರ್ ಹಾಗೆ ತೋರಿಸ್ತದೆ" ಎಂದರೆ ನಂಬಿಕೆ ಹೋಗುತ್ತದೆ. ದಿನ ಎಣಿಸಿ ತೋರಿಸುವವರು ಕೌಂಟರಿನಲ್ಲಿ ಬೇಕೇಬೇಕು.

ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ನೊಂದು ತೊಡಕು. ಶನಿವಾರ ಕೈರಸೀದಿ ಕೊಟ್ಟು ಪಡೆದ ಲಕ್ಷ ರೂಪಾಯಿ ಅಸಲು ಸೋಮವಾರ ಎಂಟ್ರಿಯಾದರೆ, ಸದಸ್ಯರ ಮೇಲೆ ಎರಡು ದಿನದ ಬಡ್ಡಿ, ಸುಮಾರು 66 ರೂಪಾಯಿ, ಸುಮ್ಮನೆ ಬೀಳುತ್ತದೆ. ಇಂಥ ರಸೀದಿಗಳಿಗೆ ಬೇರೆ ರಿಜಿಸ್ಟರ್ ಇಟ್ಟು, ಕಾರ್ಯದರ್ಶಿಯವರ ಸಹಿಯೊಂದಿಗೆ ತಿದ್ದುಪಡಿ ಮಾಡಿಸುತ್ತೇನೆ.

ಪಾಸ್‌ವರ್ಡ್ ಯಾರಿಗೂ ಕೊಡಬಾರದು, ಎಷ್ಟೇ ನೂಕುನುಗ್ಗಲಿರಲಿ. ಎಂಟ್ರಿ ಮಾಡುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು ಎಂಬ ಏರ್ಪಾಡು ಸಿಬ್ಬಂದಿ ಕಮ್ಮಿಯಿರುವ ಸೊಸೈಟಿಗಳಲ್ಲಿ ಬೇಗ ಸಡಿಲವಾಗುತ್ತದೆ, ಆಮೇಲೆ ತಪ್ಪು ಯಾರ ಹೆಸರಲ್ಲಿ ದಾಖಲಾಗಿದೆಯೋ ಅವರೇ ಉತ್ತರ ಹೇಳಬೇಕು.

ಇಷ್ಟು ಮಾಡಿದರೂ ಮೂವರು ಬರೆಯುತ್ತಿದ್ದ ಕಡೆ ಇಬ್ಬರಿಗೇ ಕೆಲಸ ಉಳಿಯಬಹುದು. ಬರಿಯ ಎಂಟ್ರಿಗೆಂದು ತಾತ್ಕಾಲಿಕವಾಗಿ ತೆಗೆದುಕೊಂಡವರಿಗೆ ಅಪಾಯ ಹೆಚ್ಚು. ಹಾಗಾಗಿ ನೋಟ್‌ಬುಕ್ಕಿನ ಲೆಕ್ಕ ಮುಂದಿಟ್ಟು ಕಾರ್ಯದರ್ಶಿಯವರನ್ನು ನೇರ ಕೇಳಿದೆ: ಮುಂದಿನ ಮಾರ್ಚ್‌ವರೆಗೆ ನನ್ನ ಪಾಲಿನ ಕೆಲಸ ಯಾವುದು, ಒಪ್ಪಿಗೆಯ ಅಧಿಕಾರ ಯಾರಿಗೆ, ಲೆಕ್ಕಪರಿಶೋಧಕರಿಗೆ ಉತ್ತರಿಸುವವರು ಯಾರು. ಉತ್ತರವನ್ನು ಕಚೇರಿ ಆದೇಶವಾಗಿ ಬರೆಸಿಕೊಂಡೆ.