ಅದೇ ಬಣ್ಣದ ಸ್ಕಾರ್ಫ್ ಹುಡುಕಬೇಡಿ

ಮರೂನ್ ಕುರ್ತಾಕ್ಕೆ ತಲೆಗೆ ಕಟ್ಟುವ ಸ್ಕಾರ್ಫೂ ಮರೂನೇ ಆಗಬೇಕೆಂದು ಹಠ ಹಿಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಅಂಗಡಿಯೊಳಗೆ ಎರಡೂ ಒಂದೇ ಥಾನಿನಲ್ಲಿ ಕತ್ತರಿಸಿದಂತೆ ಕಾಣುತ್ತವೆ. ಮರುದಿನ ಬಿಸಿಲಿಗೆ ಬಂದಾಗ ನೋಡಿದರೆ ಒಂದು ಕೆಂಪಿನ ಕಡೆಗೆ ವಾಲಿರುತ್ತದೆ, ಇನ್ನೊಂದು ಕಂದಿಗೆ ತಿರುಗಿರುತ್ತದೆ. ಪೂರ್ತಿ ಬೇರೆ ಬಣ್ಣ ಹಾಕಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಹೀಗೆ ಅರೆಬರೆ ಹೊಂದಿದ್ದೇ ಎದ್ದು ಕಾಣುತ್ತದೆ.

ಹೆಜ್ಜೆ 1. ಉಡುಪು ಮೊದಲು, ಸ್ಕಾರ್ಫ್ ಆಮೇಲೆ. ರಾತ್ರಿಯೇ ಎರಡನ್ನೂ ಒಂದೇ ಹ್ಯಾಂಗರಿಗೆ ಹಾಕಿಡಿ.

ಹೆಜ್ಜೆ 2. ಬಣ್ಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಡವಟ್ಟಾಗುವುದೆಲ್ಲ ಇಲ್ಲೇ.

ಹತ್ತಿಗೆ ಹಿಡಿಯುವ ಬಣ್ಣದ ರಾಸಾಯನಿಕವೇ ಬೇರೆ, ಪಾಲಿಯೆಸ್ಟರಿಗೆ ಹಿಡಿಯುವುದೇ ಬೇರೆ. ಹಾಗಾಗಿ ಹತ್ತಿ ಕುರ್ತಾ ಮತ್ತು ಪಾಲಿಯೆಸ್ಟರ್ ಶಿಫಾನ್ ಸ್ಕಾರ್ಫ್ ಒಂದು ದೀಪದ ಕೆಳಗೆ ಒಂದೇ ಬಣ್ಣವಾಗಿ ಕಂಡರೂ ಇನ್ನೊಂದು ದೀಪದ ಕೆಳಗೆ ಬೇರೆಯಾಗಬಹುದು. ಇದರ ಮೇಲೆ ಹೊಳಪಿನ ಕಾಟ ಬೇರೆ. ಸ್ಯಾಟಿನ್ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಮಡಿಕೆಯ ಉಬ್ಬಿನಲ್ಲಿ ತಿಳಿಯಾಗಿಯೂ ತಗ್ಗಿನಲ್ಲಿ ಗಾಢವಾಗಿಯೂ ಕಾಣುತ್ತದೆ, ಹೊಳಪಿಲ್ಲದ ಹತ್ತಿ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಇವೆರಡನ್ನು ತದ್ರೂಪ ಹೊಂದಿಸುವುದು ಆಗದ ಮಾತು.

ಕಪ್ಪಿಗೆ ಕಪ್ಪು ಸುಲಭ ಅಂದುಕೊಂಡವರು ಎರಡು ಕಪ್ಪು ಬಟ್ಟೆಗಳನ್ನು ಕಿಟಕಿಯ ಬಳಿ ಅಕ್ಕಪಕ್ಕ ಹಿಡಿದು ನೋಡಿ. ಒಂದರಲ್ಲಿ ನೀಲಿಯ ಛಾಯೆ, ಇನ್ನೊಂದರಲ್ಲಿ ಕಂದಿನ ಛಾಯೆ ಕಾಣುವುದೇ ಹೆಚ್ಚು. ಹತ್ತಾರು ಸಲ ಒಗೆದ ಹತ್ತಿಯ ಕಪ್ಪಂತೂ ಬೂದು ಬಣ್ಣಕ್ಕೆ ಇಳಿದಿರುತ್ತದೆ, ಅದರ ಪಕ್ಕ ಹೊಸ ಕಪ್ಪು ಸ್ಕಾರ್ಫ್ ಬಂದರೆ ಕುರ್ತಾ ಹಳೆಯದೆಂದು ಸಾರಿ ಹೇಳಿದಂತೆ. ಹಳೆಯ ಕಪ್ಪಿನ ಜೊತೆ ನಾನು ಹೇಳುವುದು ಬೂದು ಸ್ಕಾರ್ಫ್.

ಹಾಗಾಗಿ ಬಣ್ಣ ನೋಡುವುದಿದ್ದರೆ ಹಗಲಿನಲ್ಲಿ, ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ನೋಡಿ. ದಿನವಿಡೀ ಕೂರುವುದು ಟ್ಯೂಬ್‌ಲೈಟಿನ ಕೆಳಗಾದರೆ ಅಲ್ಲಿಯೂ ಒಮ್ಮೆ ನೋಡಿ. ಎರಡೂ ಕಡೆ ಹೊಂದಿದರೆ ಮಾತ್ರ ಆ ಜೋಡಿ ಇಟ್ಟುಕೊಳ್ಳಿ. ಹಳದಿ ಬಲ್ಬಿನ ಕೆಳಗೆ ನೇವಿ ನೀಲಿ ಯಾವುದು, ಕಪ್ಪು ಯಾವುದು ಎಂದು ಹೇಳುವುದೇ ಕಷ್ಟ.

ತದ್ರೂಪ ಬಿಟ್ಟ ಮೇಲೆ ಉಳಿಯುವುದು ಎರಡು ದಾರಿ. ಬಟ್ಟೆ ಒಂದೇ ಬಣ್ಣದ್ದಾದರೆ ಅದೇ ಬಣ್ಣದಲ್ಲಿ ಎರಡು ಮೂರು ಮೆಟ್ಟಿಲು ತಿಳಿ ಅಥವಾ ಗಾಢ ಸ್ಕಾರ್ಫ್ ಹಾಕಿ. ಒಂದೇ ಮೆಟ್ಟಿಲಿನ ಅಂತರ ಇಟ್ಟರೆ ಹೊಂದಿಸಲು ಹೋಗಿ ತಪ್ಪಿದಂತೆ ಕಾಣುತ್ತದೆ, ಮೂರು ಇಟ್ಟರೆ ಬೇಕೆಂದೇ ಮಾಡಿದ್ದು ಎಂದು ಗೊತ್ತಾಗುತ್ತದೆ. ಬಟ್ಟೆಯಲ್ಲಿ ಪ್ರಿಂಟ್ ಇದ್ದರೆ ಸ್ಕಾರ್ಫಿನ ಬಣ್ಣವನ್ನು ಪ್ರಿಂಟಿನ ಒಳಗಿನಿಂದಲೇ ಎತ್ತಿಕೊಳ್ಳಿ.

ಒಂದು ಉದಾಹರಣೆ ನೋಡೋಣ. ನೇವಿ ನೆಲದ ಹತ್ತಿ ಕುರ್ತಾ, ಅದರ ಮೇಲೆ ಮಾಸಲು ಬಿಳಿಯ ಹೂ, ಹೂವಿನ ನಡುವೆ ಸಾಸಿವೆ ಹಳದಿಯ ಚುಕ್ಕಿ, ಅಲ್ಲಲ್ಲಿ ಬೂದು ಹಸಿರು ಎಲೆ. ಮನಸ್ಸು ಮೊದಲು ಹೋಗುವುದು ನೇವಿಗೆ. ಅದು ಬೇಡ, ನೆಲದ ಬಣ್ಣಕ್ಕೇ ಹೊಂದಿಸಹೊರಟರೆ ಮೇಲೆ ಹೇಳಿದ ತೊಂದರೆಯೇ ಮತ್ತೆ ಎದುರಾಗುತ್ತದೆ. ಸಾಸಿವೆ ಹಳದಿ ಚುಕ್ಕಿಯಾಗಿ ಚೆಂದ. ತಲೆ, ಕತ್ತು, ಎದೆಯ ಮೇಲೆ ಹರಡಿದಾಗ ಅದರ ಛಾಯೆ ಗದ್ದದ ಕೆಳಭಾಗಕ್ಕೆ ಬೀಳುತ್ತದೆ, ಮೊದಲೇ ಹಳದಿಯ ಕಡೆಗಿರುವ ಮೈಬಣ್ಣದವರ ಮುಖ ಸೊರಗಿದಂತೆ ಕಾಣಬಹುದು. ಮಾಸಲು ಬಿಳಿ ಯಾರಿಗಾದರೂ ನಡೆಯುತ್ತದೆ, ಆದರೆ ಸಂಜೆಯ ಹೊತ್ತಿಗೆ ಹಣೆಯ ಅಂಚಿನಲ್ಲಿ ಬೆವರಿನ ಗೆರೆ ಮೂಡುತ್ತದೆ. ನನ್ನ ಆಯ್ಕೆ ಎಲೆಯ ಬೂದು ಹಸಿರು. ಪ್ರಿಂಟಿನಲ್ಲಿ ಯಾರ ಕಣ್ಣಿಗೂ ಬೀಳದ ಆ ಬಣ್ಣ ತಲೆಯ ಮೇಲೆ ಬಂದ ಕೂಡಲೇ ಕುರ್ತಾದ ಎಲೆಗಳೂ ಕಾಣತೊಡಗುತ್ತವೆ.

ಅನುಮಾನ ಇದ್ದರೆ ಸ್ಕಾರ್ಫನ್ನು ಕುರ್ತಾದ ಮೇಲೆ ಹರಡಿ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ. ಎರಡೂ ಒಂದೇ ಬೂದಿನಲ್ಲಿ ಕಲೆತುಹೋದರೆ ತಿಳಿ ಗಾಢದ ಅಂತರ ಸಾಲದು ಎಂದರ್ಥ. ಆದರೆ ಬಣ್ಣ ಹೊಂದಿದೆಯೇ ಎಂದು ಫೋಟೊದಲ್ಲಿ ನಿರ್ಧರಿಸಬೇಡಿ, ಕ್ಯಾಮೆರಾ ತನ್ನ ಲೆಕ್ಕದಲ್ಲಿ ಬಣ್ಣ ತಿದ್ದಿಬಿಡುತ್ತದೆ. ಆನ್‌ಲೈನಿನಲ್ಲಿ ತರಿಸಿದ ಸ್ಕಾರ್ಫ್ ಬೇರೆಯಾಗಿ ಬರುವುದಕ್ಕೂ ಇದೊಂದು ಕಾರಣ. ಹನ್ನೆರಡು ಬಣ್ಣದ ಕಟ್ಟನ್ನು ಅಗ್ಗಕ್ಕೆ ಕೊಳ್ಳುವ ಬದಲು ಬೂದು, ಮಣ್ಣಿನ ಕಂದು, ಬೂದು ಹಸಿರು, ಮಾಸಲು ಗುಲಾಬಿ ಈ ನಾಲ್ಕನ್ನು ಒಳ್ಳೆಯ ಬಟ್ಟೆಯಲ್ಲಿ ಕೊಳ್ಳಿ. ಆ ಕಟ್ಟಿನಲ್ಲಿ ಏಳೆಂಟು ಬಿಚ್ಚದೆಯೇ ಉಳಿಯುತ್ತವೆ.

ಹೆಜ್ಜೆ 3. ಬಟ್ಟೆ. ಉಡುಪಿನ ಬಟ್ಟೆಯ ತೂಕಕ್ಕೆ ಸ್ಕಾರ್ಫಿನ ಬಟ್ಟೆಯ ತೂಕ ಹತ್ತಿರ ಇರಲಿ. ಗಂಜಿ ಹಾಕಿದ ಹತ್ತಿ ಕುರ್ತಾದ ಮೇಲೆ ಶಿಫಾನ್ ನಿಲ್ಲದೆ ಜಾರುತ್ತದೆ, ಅಲ್ಲಿಗೆ ಹತ್ತಿ ವಾಯಿಲ್ ಅಥವಾ ವಿಸ್ಕೋಸ್ ಸರಿ. ಕೋಟಿನಂಥ ಕಾಲರ್ ಇರುವ ಆಫೀಸಿನ ಉಡುಪಿಗೆ ಕ್ರೇಪ್ ಅಥವಾ ಹಿಗ್ಗುವ ತೆಳು ಜರ್ಸಿ ಬಟ್ಟೆಯ ಸ್ಕಾರ್ಫ್ ಹಾಕಿ ತುದಿಗಳನ್ನು ಒಳಕ್ಕೆ ಸೇರಿಸಿ. ದಪ್ಪ ಜರ್ಸಿ ಕಾಲರಿನೊಳಗೆ ಗಂಟಾಗಿ ಉಬ್ಬುತ್ತದೆ. ಕತ್ತಿನ ಬಳಿ ಜರಿ, ಮಣಿ, ಕನ್ನಡಿ ಕೆಲಸ ಇದ್ದರೆ ಶಿಫಾನ್, ಜಾರ್ಜೆಟ್ ಎರಡೂ ಬೇಡ. ತಲೆ ತಿರುಗಿಸಿದಾಗಲೆಲ್ಲ ಒಂದೊಂದು ಎಳೆ ಸಿಕ್ಕಿ ಎದ್ದುಬರುತ್ತದೆ. ಒಣ ಹವೆಯಲ್ಲಿ ಪಾಲಿಯೆಸ್ಟರ್ ಮೇಲೆ ಪಾಲಿಯೆಸ್ಟರ್ ಹಾಕಿದರೆ ಮೈಗೆ ಅಂಟಿ ಚಟಪಟ ಅನ್ನುತ್ತದೆ, ಎರಡರಲ್ಲಿ ಒಂದಾದರೂ ಹತ್ತಿಯಾಗಿರಲಿ. ಲ್ಯಾಬ್ ಇರುವ ದಿನ ಹತ್ತಿಯೇ ಹಾಕಿ, ತುದಿಗಳನ್ನು ಕೋಟಿನೊಳಗೆ ಸೇರಿಸಿ. ಬೆಂಕಿ ಹತ್ತಿಗೂ ಹಿಡಿಯುತ್ತದೆ, ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಮೇಲೆ ಹೇಳಿದ ನೇವಿ ಕುರ್ತಾಕ್ಕೆ ಬೂದು ಹಸಿರಿನ ವಾಯಿಲ್ ಸಾಕು. ಬ್ಯಾಗಿನ ಪಟ್ಟಿ ಹೆಗಲ ಮೇಲೆ ಉಜ್ಜುವವರು ವಿಸ್ಕೋಸ್ ಜರ್ಸಿಯಿಂದ ದೂರ ಇರಿ, ಆ ಜಾಗದಲ್ಲಿ ಸಣ್ಣ ಸಣ್ಣ ಉಂಡೆ ಏಳುತ್ತವೆ.

ಹೆಜ್ಜೆ 4. ಒಳಟೋಪಿ ಸ್ಕಾರ್ಫಿನ ಬಣ್ಣದ್ದೇ ಇರಲಿ, ಇಲ್ಲವೇ ಮೈಬಣ್ಣಕ್ಕೆ ಹತ್ತಿರದ್ದು. ತೆಳು ಗುಲಾಬಿ ಶಿಫಾನಿನ ಕೆಳಗೆ ಕಪ್ಪು ಒಳಟೋಪಿ ಹಾಕಿದರೆ ಗುಲಾಬಿಯೇ ಉಳಿಯುವುದಿಲ್ಲ, ಕೊಳೆಯಾದ ಬೂದು ಕಾಣುತ್ತದೆ. ಇಷ್ಟು ಹೊತ್ತು ಬಣ್ಣ ಆರಿಸಿದ್ದು ವ್ಯರ್ಥ.

ಹೆಜ್ಜೆ 5. ಕಟ್ಟಿ, ಪಿನ್ ಹಾಕಿ, ಎರಡೂ ಕಡೆ ಕತ್ತು ತಿರುಗಿಸಿ, ಬಗ್ಗಿ ಎದ್ದು ನೋಡಿ. ಹರಳು ಅಂಟಿಸಿದ ಅಗ್ಗದ ಪಿನ್‌ಗಳ ಮೊನೆ ಒರಟಾಗಿರುತ್ತದೆ. ಕೊಳ್ಳುವಾಗ ಬೆರಳ ತುದಿಗೆ ಮೆಲ್ಲಗೆ ಸವರಿ ನೋಡಿ, ತೊಡರಿದರೆ ಬಿಟ್ಟುಬಿಡಿ. ತೆಳು ಬಟ್ಟೆಗೆ ಮ್ಯಾಗ್ನೆಟ್ ಪಿನ್ ವಾಸಿ, ತೂತಾಗುವುದಿಲ್ಲ.

ಹೊಸ ಗಾಢ ಬಣ್ಣದ ಸ್ಕಾರ್ಫನ್ನು ತಿಳಿ ಬಣ್ಣದ ಅಂಗಿಯ ಮೇಲೆ ನೇರವಾಗಿ ಹಾಕಬೇಡಿ. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯಿಂದ ಅದರ ಒಂದು ಮೂಲೆಯನ್ನು ಹತ್ತು ಸಲ ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ ಬೆವರಿಗೂ ಬಣ್ಣ ಬಿಡುತ್ತದೆ, ಕಾಲರಿನಿಂದ ಆ ಕಲೆ ಹೋಗುವುದು ಕಷ್ಟ. ಬೇರೆಯಾಗಿ ಎರಡು ಮೂರು ಸಲ ತಣ್ಣೀರಿನಲ್ಲಿ ಒಗೆದು, ಮತ್ತೆ ಉಜ್ಜಿ ನೋಡಿ. ಆಗಲೂ ಬಣ್ಣ ಬಿಟ್ಟರೆ ಅದನ್ನು ಗಾಢ ಬಣ್ಣದ ಬಟ್ಟೆಗೆ ಮಾತ್ರ ಇಟ್ಟುಕೊಳ್ಳಿ.